ಐವತ್ತರಲ್ಲಿ ನಿಂತು ನಿವೃತ್ತಿಯ ಇಡುಗಂಟು ಲೆಕ್ಕ ಹಾಕುವುದು: ಉಡುಪಿಯ ಒಂದು ಮನೆಯ ಲೆಕ್ಕದೊಂದಿಗೆ

ನಿವೃತ್ತಿಗೆ ಎಷ್ಟು ಹಣ ಬೇಕು ಎಂಬ ಪ್ರಶ್ನೆಗೆ ನಮ್ಮಲ್ಲಿ ಸಾಮಾನ್ಯವಾಗಿ ಸಿಗುವ ಉತ್ತರ ಒಂದು ದುಂಡು ಮೊತ್ತ: ಒಂದು ಕೋಟಿ, ಎರಡು ಕೋಟಿ ಎಂದು. ಆ ಮೊತ್ತ ಎಲ್ಲಿಂದ ಬಂತೆಂದು ಕೇಳಿದರೆ ಹೆಚ್ಚಿನವರು ಹೇಳಲಾರರು. ಐವತ್ತು ವರ್ಷದವರಿಗೆ ಇಂಥ ಅಂದಾಜು ಸಾಲದು, ಏಕೆಂದರೆ ಮೂವತ್ತರವರಿಗೆ ಇರುವಷ್ಟು ತಿದ್ದುವ ಸಮಯ ಅವರಿಗಿಲ್ಲ. ಆದರೆ ಅವರಿಗೊಂದು ಅನುಕೂಲವೂ ಇದೆ. ಮನೆ ಎಂಥದ್ದು, ಖರ್ಚಿನ ಜಾಯಮಾನ ಎಂಥದ್ದು, ಸಾಲ ಯಾವಾಗ ಮುಗಿಯುತ್ತದೆ, ಮಕ್ಕಳ ಓದು ಯಾವಾಗ ಮುಗಿಯುತ್ತದೆ ಎಂಬುದೆಲ್ಲ ಈ ವಯಸ್ಸಿನಲ್ಲಿ ಬಹುಮಟ್ಟಿಗೆ ಗೊತ್ತಿರುತ್ತದೆ. ಗೊತ್ತಿರುವ ಇವುಗಳಿಂದಲೇ ಲೆಕ್ಕವನ್ನು ಕಟ್ಟಬೇಕು.

ಇಲ್ಲಿ ಒಂದೇ ಮನೆಯ ಲೆಕ್ಕವನ್ನು ಮೊದಲಿನಿಂದ ಕೊನೆಯವರೆಗೆ ಮಾಡಿ ತೋರಿಸುತ್ತೇನೆ. ಗಂಡನಿಗೆ 50 ವರ್ಷ, ಉಡುಪಿಯ ಖಾಸಗಿ ಸಂಸ್ಥೆಯೊಂದರಲ್ಲಿ ನೌಕರಿ, 60ಕ್ಕೆ ನಿವೃತ್ತಿ. ಹೆಂಡತಿಗೆ 45, ಮನೆಯನ್ನು ನೋಡಿಕೊಳ್ಳುತ್ತಾರೆ. ಮನೆ ಸ್ವಂತದ್ದು, ಸಾಲ ಇನ್ನು ಆರು ವರ್ಷವಿದೆ. ಒಬ್ಬನೇ ಮಗ, ಅವನ ಓದು ಇನ್ನು ಮೂರು ವರ್ಷವಿದೆ. ಕೈಗೆ ಬರುವ ಸಂಬಳ ತಿಂಗಳಿಗೆ ಸುಮಾರು 85,000 ರೂಪಾಯಿ. ಇದು ಲೆಕ್ಕಕ್ಕಾಗಿ ಇಟ್ಟುಕೊಂಡ ಕುಟುಂಬ. ನಿಮ್ಮ ಅಂಕಿಗಳು ಬೇರೆ ಇರುತ್ತವೆ, ಕ್ರಮ ಇದೇ ಇರುತ್ತದೆ.

ಮೊದಲ ಹೆಜ್ಜೆ: ಒಂದು ಪೂರ್ತಿ ವರ್ಷದ ಖರ್ಚು

ಲೆಕ್ಕದ ಬುಡ ಸಂಬಳವಲ್ಲ, ಖರ್ಚು. ಈಗಿನ ಸಂಬಳದ ಶೇ 70ರಷ್ಟು ಸಾಕು ಎಂಬಂಥ ಸೂತ್ರಗಳನ್ನು ನಾನು ಬಳಸುವುದಿಲ್ಲ, ಏಕೆಂದರೆ ಒಂದೇ ಸಂಬಳದ ಎರಡು ಮನೆಗಳ ಖರ್ಚು ಅಜಗಜಾಂತರ ಇರಬಹುದು.

ಖರ್ಚನ್ನು ಒಂದು ತಿಂಗಳು ಬರೆದು ಹನ್ನೆರಡರಿಂದ ಗುಣಿಸಿದರೆ ಕರಾವಳಿಯಲ್ಲಿ ಲೆಕ್ಕ ಖಂಡಿತ ತಪ್ಪುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ ಇರುವಾಗ ಮೀನಿನ ದರ ಒಂದಾದರೆ, ಅಕ್ಟೋಬರಿನಲ್ಲಿ ಇನ್ನೊಂದು. ಮಳೆಗೆ ಮುಂಚೆ ಮಾಡಿನ ಕೆಲಸ, ಪಾಗಾರದ ದುರಸ್ತಿ ಬರುತ್ತದೆ. ಬೇಸಿಗೆಯಲ್ಲಿ ಮದುವೆ, ಗೃಹಪ್ರವೇಶ, ಬ್ರಹ್ಮಕಲಶ, ಕುಟುಂಬದ ಮನೆಯ ಕೋಲ ಮತ್ತು ನಾಗತಂಬಿಲದ ವಂತಿಗೆ ಒಟ್ಟೊಟ್ಟಿಗೆ ಬರುತ್ತವೆ. ಇವುಗಳಲ್ಲಿ ಯಾವುದೂ ತಿಂಗಳ ಪಟ್ಟಿಯಲ್ಲಿ ಕಾಣಿಸುವುದಿಲ್ಲ, ಆದರೆ ವರ್ಷದ ಕೊನೆಯಲ್ಲಿ ಕೂಡಿಸಿದರೆ ದೊಡ್ಡ ಮೊತ್ತವಾಗಿರುತ್ತದೆ. ಆದ್ದರಿಂದ ಬ್ಯಾಂಕಿನ ಕಳೆದ 12 ತಿಂಗಳ ಸ್ಟೇಟ್‌ಮೆಂಟ್ ತೆಗೆದುಕೊಂಡು, ಎಟಿಎಂನಿಂದ ತೆಗೆದ ನಗದು ಎಲ್ಲಿ ಹೋಯಿತೆಂದು ಮನೆಯವರ ಜೊತೆ ಕುಳಿತು ನೆನಪಿಸಿಕೊಂಡು ಬರೆಯಬೇಕು. ಈ ಕೆಲಸಕ್ಕೆ ಒಂದು ಭಾನುವಾರ ಪೂರ್ತಿ ಬೇಕಾಗಬಹುದು, ಆದರೆ ಮುಂದಿನ ಎಲ್ಲ ಅಂಕಿಗಳೂ ಇದನ್ನೇ ಆಧರಿಸುವುದರಿಂದ ಅವಸರ ಮಾಡಬಾರದು.

ನಮ್ಮ ಉದಾಹರಣೆಯ ಮನೆಯಲ್ಲಿ ತಿಂಗಳ ಸರಾಸರಿ ಹೀಗಿದೆ. ಅಕ್ಕಿ, ಮೀನು, ತರಕಾರಿ, ತೆಂಗಿನೆಣ್ಣೆ, ಹಾಲು, ಗ್ಯಾಸ್ ಸೇರಿ 13,000. ಕರೆಂಟು, ಫೋನು, ಇಂಟರ್‌ನೆಟ್‌ಗೆ 3,000. ಓಡಾಟಕ್ಕೆ 4,000. ಬಟ್ಟೆಬರೆ ಮತ್ತು ಮನೆಗೆಲಸದವರ ಸಂಬಳಕ್ಕೆ 4,000. ಔಷಧ ಮತ್ತು ವೈದ್ಯರಿಗೆ 3,000. ವರ್ಷಕ್ಕೊಮ್ಮೆ ಬರುವ ಖರ್ಚುಗಳೆಲ್ಲ ಸೇರಿ 90,000, ಅಂದರೆ ತಿಂಗಳಿಗೆ 7,500. ಮನೆ ಸಾಲದ ಕಂತು 16,000, ಮಗನ ಓದಿಗೆ 12,000. ಒಟ್ಟು 62,500.

ಈಗ ನಿವೃತ್ತಿಯ ಹೊತ್ತಿಗೆ ಇಲ್ಲದಿರುವುದನ್ನು ಕಳೆಯಬೇಕು. ಸಾಲದ ಕಂತು, ಮಗನ ಓದು, ಕೆಲಸಕ್ಕೆ ಹೋಗಿಬರುವ 1,500 ರೂಪಾಯಿಯ ಪೆಟ್ರೋಲು ಹೋದರೆ 33,000 ಉಳಿಯುತ್ತದೆ. ಇದರಲ್ಲಿ 30,000 ಸಾಮಾನ್ಯ ಖರ್ಚು, 3,000 ವೈದ್ಯಕೀಯ ಖರ್ಚು. ಬಹಳ ಜನ ಕಳೆಯುವುದನ್ನು ಮಾತ್ರ ಮಾಡಿ ಕೂಡಿಸುವುದನ್ನು ಮರೆಯುತ್ತಾರೆ. ನೌಕರಿ ಇರುವಾಗ ಕಂಪನಿಯ ಗುಂಪು ಆರೋಗ್ಯ ವಿಮೆ ಇರುತ್ತದೆ. ನಿವೃತ್ತಿಯ ಮರುದಿನ ಅದು ಇರುವುದಿಲ್ಲ. ಅರವತ್ತು ದಾಟಿದವರ ಸ್ವಂತ ಪಾಲಿಸಿಯ ಕಂತು, ಬಿಪಿ-ಶುಗರ್ ಮಾತ್ರೆಗಳು, ಕಣ್ಣು ಮತ್ತು ಹಲ್ಲಿನ ಚಿಕಿತ್ಸೆ, ಇವನ್ನೆಲ್ಲ ಎಣಿಸಿ ವೈದ್ಯಕೀಯ ಖರ್ಚನ್ನು ಇವತ್ತಿನ ಬೆಲೆಯಲ್ಲಿ 7,000ಕ್ಕೆ ಏರಿಸಿದ್ದೇನೆ. ಹಾಗಾಗಿ ಇವತ್ತಿನ ಬೆಲೆಯಲ್ಲಿ ಇಬ್ಬರ ನಿವೃತ್ತ ಜೀವನಕ್ಕೆ ತಿಂಗಳಿಗೆ 37,000 ಬೇಕು. ವರ್ಷಕ್ಕೆ ಸಾಮಾನ್ಯ ಖರ್ಚು 3,60,000, ವೈದ್ಯಕೀಯ ಖರ್ಚು 84,000. ಇವೆರಡನ್ನೂ ಕೊನೆಯವರೆಗೆ ಬೇರೆ ಬೇರೆಯಾಗಿಯೇ ಇಟ್ಟುಕೊಳ್ಳಿ.

ಇಲ್ಲೇ ಒಂದು ಮಾತು. ಗೃಹಜ್ಯೋತಿಯಿಂದಾಗಿ ಈಗ ಕರೆಂಟು ಬಿಲ್ಲು ಸೊನ್ನೆ ಬರುತ್ತಿದ್ದರೂ ಪಟ್ಟಿಯಲ್ಲಿ ಸೊನ್ನೆ ಬರೆಯಬೇಡಿ. 70 ದಾಟಿದವರಿಗೆ ಆಯುಷ್ಮಾನ್ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷದವರೆಗಿನ ಚಿಕಿತ್ಸೆಯ ಸೌಲಭ್ಯ 2024ರ ಅಕ್ಟೋಬರಿನಿಂದ ಇದೆ. ಅದನ್ನು ನಂಬಿ ವಿಮೆಯ ಕಂತನ್ನು ಕೈಬಿಡಬೇಡಿ. ಇಂಥ ಯೋಜನೆಗಳು ಇದ್ದಷ್ಟು ದಿನ ಪ್ರಯೋಜನ ಪಡೆಯಬೇಕು. ಆದರೆ ಮುಂದಿನ ನಲವತ್ತೈದು ವರ್ಷದ ಲೆಕ್ಕದಲ್ಲಿ ಅವು ಹಾಗೆಯೇ ಇರುತ್ತವೆಂದು ಯಾರೂ ಹೇಳಲಾರರು.

ಎರಡನೆಯ ಹೆಜ್ಜೆ: ಎಷ್ಟು ವರ್ಷಕ್ಕೆ ಬೇಕು

ಭಾರತದಲ್ಲಿ ಹುಟ್ಟುವಾಗಿನ ನಿರೀಕ್ಷಿತ ಆಯುಷ್ಯ ಸುಮಾರು 70 ವರ್ಷ. ಈ ಅಂಕಿಯನ್ನು ಕೇಳಿದವರು 60ಕ್ಕೆ ನಿವೃತ್ತಿಯಾದರೆ ಹತ್ತು ವರ್ಷಕ್ಕೆ ಹಣ ಸಾಕೆಂದುಕೊಳ್ಳುತ್ತಾರೆ. ಇದು ತಪ್ಪು. ಹುಟ್ಟುವಾಗಿನ ಸರಾಸರಿಯಲ್ಲಿ ಶಿಶುಮರಣ, ಯೌವನದ ಅಪಘಾತಗಳು ಎಲ್ಲ ಸೇರಿವೆ. ಅವನ್ನೆಲ್ಲ ದಾಟಿ 60 ತಲುಪಿದವರ ಮುಂದೆ ಸರಾಸರಿ ಇನ್ನೂ ಸುಮಾರು 18 ವರ್ಷ ಇರುತ್ತದೆ, ಹೆಂಗಸರಿಗೆ ಇನ್ನೂ ಸ್ವಲ್ಪ ಹೆಚ್ಚು.

ಆದರೆ 78 ಎಂಬುದೂ ನಮಗೆ ಬೇಕಾದ ಅಂಕಿಯಲ್ಲ. ಸರಾಸರಿ ಎಂದರೆ ಹೆಚ್ಚುಕಡಿಮೆ ಅರ್ಧದಷ್ಟು ಜನ ಅದನ್ನು ದಾಟಿ ಬದುಕುತ್ತಾರೆ ಎಂದರ್ಥ. ಸರಾಸರಿಯವರೆಗೆ ಮಾತ್ರ ಹಣ ಇಟ್ಟುಕೊಂಡವರಲ್ಲಿ ಅರ್ಧದಷ್ಟು ಜನರ ಕೈ ಖಾಲಿಯಾಗುತ್ತದೆ. ಅದಕ್ಕಿಂತ ಮುಖ್ಯವಾಗಿ, ಇಲ್ಲಿ ಇರುವುದು ಇಬ್ಬರು. ಇಬ್ಬರಲ್ಲಿ ಒಬ್ಬರಾದರೂ 90ರ ತನಕ ಬದುಕುವ ಸಾಧ್ಯತೆ ಒಬ್ಬರೇ ಬದುಕುವ ಸಾಧ್ಯತೆಗಿಂತ ಹೆಚ್ಚು, ಮತ್ತು ನಮ್ಮ ಮನೆಗಳಲ್ಲಿ ಹಾಗೆ ಉಳಿಯುವವರು ಸಾಮಾನ್ಯವಾಗಿ ಹೆಂಡತಿ, ಏಕೆಂದರೆ ಅವರು ವಯಸ್ಸಿನಲ್ಲಿ ಚಿಕ್ಕವರು, ಆಯುಷ್ಯದಲ್ಲಿ ಹಿರಿಯರು. ಹಾಗಾಗಿ ಲೆಕ್ಕವನ್ನು ಗಂಡನ ವಯಸ್ಸಿನಿಂದಲ್ಲ, ಕಿರಿಯ ಸಂಗಾತಿಗೆ 90 ತುಂಬುವವರೆಗೆ ಎಂದು ಇಡಬೇಕು. ಗಂಡ ನಿವೃತ್ತರಾಗುವ ದಿನ ಹೆಂಡತಿಗೆ 55. 90 ತುಂಬಲು 35 ವರ್ಷ. ಹತ್ತು ವರ್ಷ ಅಲ್ಲ, ಹದಿನೆಂಟೂ ಅಲ್ಲ, ಮೂವತ್ತೈದು.

ಒಬ್ಬರೇ ಉಳಿದಾಗ ಖರ್ಚು ಕಡಿಮೆಯಾಗುತ್ತದಲ್ಲವೇ ಎಂದು ಕೇಳಬಹುದು. ಕಡಿಮೆಯಾಗುತ್ತದೆ, ಆದರೆ ಅರ್ಧವಾಗುವುದಿಲ್ಲ. ಮನೆಯ ತೆರಿಗೆ, ದುರಸ್ತಿ, ಕರೆಂಟು, ಕೆಲಸದವರು ಎಲ್ಲ ಹಾಗೇ ಇರುತ್ತವೆ, ಮತ್ತು ಆ ವಯಸ್ಸಿನಲ್ಲಿ ನೋಡಿಕೊಳ್ಳಲು ಒಬ್ಬರನ್ನು ಇಟ್ಟುಕೊಳ್ಳಬೇಕಾದರೆ ಅದು ಹೊಸ ಖರ್ಚು. ಆದ್ದರಿಂದ ಇಲ್ಲಿ ಏನನ್ನೂ ಕಳೆಯದೆ ಬಿಟ್ಟಿದ್ದೇನೆ.

ಮೂರನೆಯ ಹೆಜ್ಜೆ: ಹಣದುಬ್ಬರವನ್ನು ಎರಡಾಗಿ ಒಡೆಯುವುದು

ರಿಸರ್ವ್ ಬ್ಯಾಂಕಿನ ಗುರಿ ಶೇ 4ರ ಹಣದುಬ್ಬರ, ಎರಡೂ ಕಡೆಗೆ ಶೇ 2ರಷ್ಟು ಸಡಿಲಿಕೆಯೊಂದಿಗೆ. ಹಾಗಿದ್ದರೆ 4 ಎಂದೇ ಹಾಕಬಾರದೇಕೆ? ಏಕೆಂದರೆ ಅದು ದೇಶದ ಎಲ್ಲ ಮನೆಗಳ ಸರಾಸರಿ ಬುಟ್ಟಿಗೆ ಇಟ್ಟ ಗುರಿ. ನಿಮ್ಮ ಮನೆಯ ಬುಟ್ಟಿ ಬೇರೆ. ತೆಂಗಿನೆಣ್ಣೆ ಇಲ್ಲದೆ ಅಡುಗೆಯೇ ಆಗದ ನಮ್ಮ ಕಡೆಯ ಮನೆಗಳಿಗೆ 2025ರಲ್ಲಿ ಅದರ ಬೆಲೆ ಜಿಗಿದಾಗ ಬಿದ್ದ ಹೊಡೆತ, ಬೇರೆ ಎಣ್ಣೆ ಬಳಸುವ ಊರುಗಳಿಗೆ ಬೀಳಲಿಲ್ಲ. ಜೊತೆಗೆ, ವರ್ಷ ಕಳೆದಂತೆ ಜೀವನದ ಮಟ್ಟವೂ ಸ್ವಲ್ಪ ಏರುತ್ತದೆ. ಹತ್ತು ವರ್ಷದ ಹಿಂದೆ ಮನೆಯಲ್ಲಿ ಇಲ್ಲದ ಇಂಟರ್‌ನೆಟ್ ಬಿಲ್ಲು ಈಗ ಪಟ್ಟಿಯಲ್ಲಿದೆ. ಈ ಎರಡು ಕಾರಣಗಳಿಂದ ಸಾಮಾನ್ಯ ಖರ್ಚಿಗೆ ಶೇ 6 ಇಟ್ಟುಕೊಂಡಿದ್ದೇನೆ. ವೈದ್ಯಕೀಯ ಖರ್ಚು ಇದಕ್ಕಿಂತ ವೇಗವಾಗಿ ಏರುತ್ತದೆ, ಹಾಗೆಯೇ ವಿಮೆಯ ಕಂತು ಬೆಲೆ ಏರಿಕೆಯಿಂದ ಮಾತ್ರವಲ್ಲ, ವಯಸ್ಸು ಏರಿದ್ದಕ್ಕೂ ಹೆಚ್ಚುತ್ತದೆ. ಅದಕ್ಕೆ ಶೇ 8.

ಈಗ ಹತ್ತು ವರ್ಷ ಮುಂದಕ್ಕೆ ಹೋಗಬೇಕು. ಎಕ್ಸೆಲ್ ಅಥವಾ ಗೂಗಲ್ ಶೀಟ್ಸ್‌ನಲ್ಲಿ ಹೀಗೆ ಬರೆಯಿರಿ:

```
=360000*1.06^10
=84000*1.08^10
```

ಮೊದಲನೆಯದು ಸುಮಾರು 6,44,700, ಎರಡನೆಯದು 1,81,350. ಕೂಡಿಸಿದರೆ ನಿವೃತ್ತಿಯ ಮೊದಲ ವರ್ಷದ ಖರ್ಚು 8.26 ಲಕ್ಷ, ತಿಂಗಳಿಗೆ ಸುಮಾರು 68,800. ಇವತ್ತಿನ 37,000ಕ್ಕೆ ಬರುವ ಸಾಮಾನೇ ಆಗ 68,800ಕ್ಕೆ ಬರುತ್ತದೆ, ಒಂದು ರೂಪಾಯಿಯ ಐಷಾರಾಮವೂ ಹೆಚ್ಚಿಲ್ಲದೆ.

ನಾಲ್ಕನೆಯ ಹೆಜ್ಜೆ: ಇಡುಗಂಟಿನ ಲೆಕ್ಕ

ಇಲ್ಲಿ ಅತ್ಯಂತ ಹೆಚ್ಚು ಜನ ಎಡವುವ ಜಾಗ ಇದೆ. ವರ್ಷಕ್ಕೆ 8.26 ಲಕ್ಷ ಬೇಕು, ಬ್ಯಾಂಕು ಶೇ 7 ಬಡ್ಡಿ ಕೊಡುತ್ತದೆ, ಹಾಗಾದರೆ ಸುಮಾರು 1.18 ಕೋಟಿ ಇದ್ದರೆ ಅಸಲು ಮುಟ್ಟದೆ ಬಡ್ಡಿಯಲ್ಲೇ ಬದುಕಬಹುದು ಎಂದು ಲೆಕ್ಕ ಹಾಕುತ್ತಾರೆ. ಮೊದಲ ವರ್ಷಕ್ಕೆ ಅದು ನಿಜ. ಎರಡನೆಯ ವರ್ಷ ಖರ್ಚು 8.79 ಲಕ್ಷ ಆಗುತ್ತದೆ, ಬಡ್ಡಿ ಅಷ್ಟೇ ಇರುತ್ತದೆ. ಅಲ್ಲಿಂದ ಅಸಲು ಕರಗಲು ಆರಂಭವಾಗುತ್ತದೆ, ಕರಗಿದ ಅಸಲಿಗೆ ಬಡ್ಡಿಯೂ ಕಡಿಮೆ. ಬಡ್ಡಿ ನಿಂತಲ್ಲೇ ನಿಲ್ಲುತ್ತದೆ, ಖರ್ಚು ನಿಲ್ಲುವುದಿಲ್ಲ.

ಆದ್ದರಿಂದ ಸರಿಯಾದ ಪ್ರಶ್ನೆ ಬೇರೆ: ಪ್ರತಿ ವರ್ಷ ಏರುತ್ತ ಹೋಗುವ ಖರ್ಚನ್ನು 35 ವರ್ಷ ತೆಗೆದುಕೊಳ್ಳುತ್ತ ಹೋದರೆ, ಉಳಿದ ಹಣ ಬೆಳೆಯುತ್ತ ಇದ್ದರೂ, ಕೊನೆಯ ವರ್ಷದ ತನಕ ಸಾಲುವಂತೆ ಮೊದಲ ದಿನ ಎಷ್ಟಿರಬೇಕು? ಇದಕ್ಕೆ ಎಷ್ಟು ಬೆಳವಣಿಗೆ ಇಟ್ಟುಕೊಳ್ಳಬೇಕೆಂಬುದು ಮುಖ್ಯ. ನಿವೃತ್ತಿಯ ನಂತರದ ಹಣಕ್ಕೆ ತೆರಿಗೆ ಕಳೆದು ಶೇ 7 ಇಟ್ಟಿದ್ದೇನೆ. ಹಣವನ್ನೆಲ್ಲ ನಿಶ್ಚಿತ ಠೇವಣಿಯಲ್ಲೇ ಇಟ್ಟರೆ ಇಷ್ಟು ಸಿಗುತ್ತದೆಂದು ಹೇಳಲಾಗದು. ಸುಮಾರು ಮೂರನೇ ಒಂದು ಭಾಗ ಷೇರು ಆಧಾರಿತ ಫಂಡುಗಳಲ್ಲಿ ಇದ್ದರೆ ಮಾತ್ರ ಇದು ನ್ಯಾಯವಾದ ಅಂದಾಜು.

ಸೂತ್ರ ಇದು. ಬೆಳವಣಿಗೆಯನ್ನು ಹಣದುಬ್ಬರದಿಂದ ಭಾಗಿಸಿ ಬರುವ ನಿಜವಾದ ದರವನ್ನು ಹಾಕಬೇಕು. ಕೊನೆಯ `1` ಎಂದರೆ ಖರ್ಚನ್ನು ವರ್ಷದ ಆರಂಭದಲ್ಲೇ ತೆಗೆದಿಡುತ್ತೇವೆ ಎಂದು.

```
=PV(1.07/1.06-1, 35, -644700, 0, 1)
=PV(1.07/1.08-1, 35, -181350, 0, 1)
```

ಮೊದಲ ಸಾಲಿನ ಉತ್ತರ ಸುಮಾರು 1.93 ಕೋಟಿ, ಎರಡನೆಯದರದ್ದು ಸುಮಾರು 75 ಲಕ್ಷ. ಒಟ್ಟು 2.68 ಕೋಟಿ. ಈ ಎರಡು ಸಾಲುಗಳನ್ನು ಸ್ವಲ್ಪ ಗಮನಿಸಿ ನೋಡಿ. ಖರ್ಚಿನಲ್ಲಿ ವೈದ್ಯಕೀಯದ ಪಾಲು ಇವತ್ತು ಶೇ 19. ಇಡುಗಂಟಿನಲ್ಲಿ ಅದರ ಪಾಲು ಶೇ 28. ಹಣ ಬೆಳೆಯುವುದಕ್ಕಿಂತ ವೇಗವಾಗಿ ಆ ಖರ್ಚು ಬೆಳೆಯುವುದರಿಂದ ಎರಡನೆಯ ಸೂತ್ರದಲ್ಲಿ ದರ ಸೊನ್ನೆಗಿಂತ ಕೆಳಗಿದೆ, ಅಂದರೆ 35 ವರ್ಷದ ಖರ್ಚಿಗೆ ನಿವೃತ್ತಿಯ ಮೊದಲ ವರ್ಷದ ವೈದ್ಯಕೀಯ ಖರ್ಚಿನ 41 ಪಟ್ಟು ಬೇಕಾಗುತ್ತದೆ. ಎಲ್ಲ ಖರ್ಚಿಗೂ ಒಂದೇ ಶೇ 6 ಹಾಕಿದ್ದರೆ ಇದು ಕಾಣಿಸುತ್ತಲೇ ಇರಲಿಲ್ಲ.

ವಾರ್ಷಿಕ ಖರ್ಚಿನ 25 ಪಟ್ಟು ಸಾಕು ಎಂಬ ಮಾತು ಇತ್ತೀಚೆಗೆ ನಮ್ಮಲ್ಲೂ ಬಹಳ ಓಡಾಡುತ್ತಿದೆ. ಅದರ ಮೂಲ ಅಮೆರಿಕದ ವಿಲಿಯಂ ಬೆಂಗೆನ್ 1994ರಲ್ಲಿ ಆ ದೇಶದ ಷೇರು ಮತ್ತು ಬಾಂಡುಗಳ ಇತಿಹಾಸವನ್ನಿಟ್ಟುಕೊಂಡು ಮಾಡಿದ ಅಧ್ಯಯನ; ಅದು 30 ವರ್ಷದ ನಿವೃತ್ತಿಗೆ ಹೇಳಿದ್ದು. ನಮ್ಮ ದಂಪತಿ ಆ ಸೂತ್ರವನ್ನು ನಂಬಿ 2.07 ಕೋಟಿಯೊಂದಿಗೆ ನಿವೃತ್ತರಾದರೆ, ನಮ್ಮ ಇದೇ ಅಂದಾಜುಗಳ ಪ್ರಕಾರ ಆ ಹಣ 27ನೆಯ ವರ್ಷದಲ್ಲಿ ಮುಗಿಯುತ್ತದೆ. ಆಗ ಹೆಂಡತಿಗೆ 81 ವರ್ಷ.

ಐದನೆಯ ಹೆಜ್ಜೆ: ಏರದ ಪಿಂಚಣಿಯನ್ನು ಕಳೆಯುವ ರೀತಿ

ಖಾಸಗಿ ನೌಕರರಿಗೆ ಪಿಎಫ್ ಜೊತೆಗಿರುವ ಪಿಂಚಣಿ ಯೋಜನೆಯಲ್ಲಿ 58ರಿಂದ ಪಿಂಚಣಿ ಬರುತ್ತದೆ. ಲೆಕ್ಕಕ್ಕೆ ಹಿಡಿಯುವ ಸಂಬಳದ ಮಿತಿ 15,000. ಅದನ್ನು ಸೇವೆಯ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸಬೇಕು. ಇಪ್ಪತ್ತು ವರ್ಷ ಸೇವೆ ಮುಗಿಸಿದವರಿಗೆ ಎರಡು ವರ್ಷ ಹೆಚ್ಚುವರಿಯಾಗಿ ಸೇರುತ್ತದೆ. ನಮ್ಮ ಉದಾಹರಣೆಯವರು 28ಕ್ಕೆ ನೌಕರಿಗೆ ಸೇರಿದವರಾದ್ದರಿಂದ 58ಕ್ಕೆ 30 ವರ್ಷದ ಸೇವೆ ಆಗುತ್ತದೆ, ಹೆಚ್ಚುವರಿ ಸೇರಿ 32. ತಿಂಗಳ ಪಿಂಚಣಿ ಸುಮಾರು 6,857, ವರ್ಷಕ್ಕೆ 82,300.

ಈ ಪಿಂಚಣಿ ಬೆಲೆ ಏರಿಕೆಯೊಂದಿಗೆ ಏರುವುದಿಲ್ಲ. 60ರಲ್ಲಿ ಬಂದ 6,857 ರೂಪಾಯಿಯೇ 80ರಲ್ಲೂ ಬರುತ್ತದೆ. ಆದ್ದರಿಂದ ಅದನ್ನು ಮೊದಲ ವರ್ಷದ ಖರ್ಚಿನಿಂದಲೇ ಕಳೆದುಬಿಟ್ಟರೆ, ಸೂತ್ರವು ಪಿಂಚಣಿಯೂ ಪ್ರತಿ ವರ್ಷ ಶೇ 6 ಏರುತ್ತದೆಂದು ತಿಳಿದುಕೊಂಡು ಇಡುಗಂಟಿನಿಂದ 24.7 ಲಕ್ಷ ಕಡಿಮೆ ಮಾಡುತ್ತದೆ. ಸರಿಯಾದ ಕ್ರಮವೆಂದರೆ ಪಿಂಚಣಿಯ ಬೆಲೆಯನ್ನು ಬೇರೆಯಾಗಿ, ಹಣದುಬ್ಬರ ಇಲ್ಲದೆ ಕಟ್ಟುವುದು. ಗಂಡ 85ರ ತನಕ ಇರುತ್ತಾರೆಂದು 25 ವರ್ಷ ಹಿಡಿದರೆ:

```
=PV(0.07, 25, -82300, 0, 1)
```

ಉತ್ತರ 10.3 ಲಕ್ಷ ಮಾತ್ರ. ಎರಡು ಲೆಕ್ಕಗಳ ನಡುವೆ 14 ಲಕ್ಷಕ್ಕೂ ಹೆಚ್ಚು ವ್ಯತ್ಯಾಸವಿದೆ. ವಿಮಾ ಕಂಪನಿಗಳಿಂದ ಕೊಳ್ಳುವ ಸಾಮಾನ್ಯ ವರ್ಷಾಶನಕ್ಕೂ ಇದೇ ಕ್ರಮ. ಮನೆಯ ಮೇಲಿನ ಅಂತಸ್ತಿನ ಬಾಡಿಗೆ ಇದ್ದರೆ ಅದು ಏರುವ ಆದಾಯ. ಅದಕ್ಕೆ ಅದರದ್ದೇ ಏರಿಕೆಯ ದರ ಹಾಕಿ, ವರ್ಷಕ್ಕೆ ಹತ್ತು ತಿಂಗಳ ಬಾಡಿಗೆ ಮಾತ್ರ ಹಿಡಿಯುವುದು ಒಳ್ಳೆಯದು.

ಗಂಡನ ನಂತರ ಹೆಂಡತಿಗೆ ಬರುವ ಅರ್ಧ ಪಿಂಚಣಿಯನ್ನು ನಾನು ಹಿಡಿದಿಲ್ಲ. ವಾಸದ ಮನೆ, ಮೈಮೇಲಿನ ಚಿನ್ನ, ಊರಿನ ತೋಟದಲ್ಲಿ ಇನ್ನೂ ಪಾಲಾಗದ ಭಾಗ, ಇವುಗಳನ್ನೂ ಇಡುಗಂಟಿಗೆ ಸೇರಿಸಬಾರದು. ಅವುಗಳನ್ನು ಮಾರಿ ದಿನಸಿ ತರುವ ಯೋಚನೆ ಮನೆಯಲ್ಲಿ ಯಾರಿಗೂ ಇಲ್ಲದಿದ್ದರೆ, ಲೆಕ್ಕದಲ್ಲೂ ಅವು ಇರಬಾರದು.

ಹೀಗೆ 60ರ ದಿನ ಕೈಯಲ್ಲಿ ಇರಬೇಕಾದದ್ದು ಸುಮಾರು 2.58 ಕೋಟಿ.

ಆರನೆಯ ಹೆಜ್ಜೆ: ಇರುವುದೆಷ್ಟು, ಕೊರತೆ ಎಷ್ಟು

ಇವರ ಪಿಎಫ್ ಖಾತೆಯಲ್ಲಿ ಈಗ 25 ಲಕ್ಷವಿದೆ, ಪ್ರತಿ ತಿಂಗಳು ಎರಡೂ ಕಡೆಯಿಂದ ಸುಮಾರು 9,000 ಸೇರುತ್ತಿದೆ. 2024-25ಕ್ಕೆ ಪಿಎಫ್ ಬಡ್ಡಿ ಶೇ 8.25 ಇತ್ತು, ಹತ್ತು ವರ್ಷಕ್ಕೆ ಶೇ 8 ಹಿಡಿದರೆ ಇದು ಸುಮಾರು 69.6 ಲಕ್ಷವಾಗುತ್ತದೆ. ಠೇವಣಿಯ 12 ಲಕ್ಷ, ತೆರಿಗೆ ಕಳೆದು ಶೇ 5.5ರಂತೆ 20.5 ಲಕ್ಷ. ಮ್ಯೂಚುವಲ್ ಫಂಡಿನ 15 ಲಕ್ಷ, ಶೇ 10ರಂತೆ 38.9 ಲಕ್ಷ. ಗ್ರಾಚುಟಿಯ ಲೆಕ್ಕ ಸರಳ: ಕೊನೆಯ ಮೂಲವೇತನವನ್ನು 15ರಿಂದ ಗುಣಿಸಿ 26ರಿಂದ ಭಾಗಿಸಿ ಸೇವೆಯ ವರ್ಷಗಳಿಂದ ಗುಣಿಸಬೇಕು. ಕೊನೆಗೆ ಮೂಲವೇತನ 60,000 ಇರುತ್ತದೆಂದು ಹಿಡಿದು, 32 ವರ್ಷಕ್ಕೆ 11 ಲಕ್ಷ. ಎಲ್ಲ ಸೇರಿ 1.40 ಕೋಟಿ.

ಕೊರತೆ ಸುಮಾರು 1.18 ಕೋಟಿ. ಇದನ್ನು ತುಂಬಲು ಈಗ ತಿಂಗಳಿಗೆ 20,000 ಉಳಿಸಲು ಸಾಧ್ಯ. ಮೂರು ವರ್ಷದ ನಂತರ ಮಗನ ಓದಿನ 12,000, ಆರು ವರ್ಷದ ನಂತರ ಸಾಲದ ಕಂತಿನ 16,000 ಇದಕ್ಕೆ ಸೇರುತ್ತವೆ ಎಂದಿಟ್ಟುಕೊಳ್ಳೋಣ. ಶೇ 10ರ ಬೆಳವಣಿಗೆಯಲ್ಲಿ ಇವೆಲ್ಲ ಸೇರಿ 60ಕ್ಕೆ ಸುಮಾರು 63.5 ಲಕ್ಷವಾಗುತ್ತದೆ. ಇನ್ನೂ 54 ಲಕ್ಷ ಕಡಿಮೆ ಬೀಳುತ್ತದೆ.

ಈ ಹಂತದಲ್ಲಿ ಬಹಳ ಮಂದಿ ಅಂಕಿಗಳನ್ನೇ ತಿದ್ದಲು ಹೊರಡುತ್ತಾರೆ: ಬೆಳವಣಿಗೆ ಶೇ 12 ಎಂದೋ, ಹಣದುಬ್ಬರ ಶೇ 5 ಎಂದೋ ಹಾಕಿ ಕೊರತೆಯನ್ನು ಕಾಗದದ ಮೇಲೆ ಮಾಯ ಮಾಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ತಿದ್ದಬೇಕಾದದ್ದು ನಮ್ಮ ಕೈಯಲ್ಲಿರುವ ಎರಡು ಸಂಗತಿಗಳನ್ನು. ಒಂದು, ದುಡಿಯುವ ವರ್ಷಗಳು. 60ರ ಬದಲು 62ಕ್ಕೆ ನಿವೃತ್ತಿಯಾದರೆ ಹಣಕ್ಕೆ ಬೆಳೆಯಲು ಎರಡು ವರ್ಷ ಹೆಚ್ಚು, ಉಳಿತಾಯಕ್ಕೆ ಎರಡು ವರ್ಷ ಹೆಚ್ಚು, ಕುಳಿತು ತಿನ್ನುವುದಕ್ಕೆ ಎರಡು ವರ್ಷ ಕಡಿಮೆ. ಇದೊಂದರಿಂದಲೇ ಕೊರತೆ 54 ಲಕ್ಷದಿಂದ 23 ಲಕ್ಷಕ್ಕೆ ಇಳಿಯುತ್ತದೆ. ಇನ್ನೊಂದು, ಸಂಬಳ ಏರಿದಂತೆ ಆ 20,000ವನ್ನೂ ಪ್ರತಿ ವರ್ಷ ಶೇ 8ರಷ್ಟು ಏರಿಸುವುದು. ಎರಡನೆಯ ವರ್ಷ 21,600, ಮೂರನೆಯ ವರ್ಷ ಸುಮಾರು 23,300. 62ರ ಹೊತ್ತಿಗೆ ಇದರಿಂದ 24 ಲಕ್ಷ ಹೆಚ್ಚು ಸೇರುತ್ತದೆ. ಎರಡೂ ಸೇರಿದರೆ ಕೊರತೆ ಮುಚ್ಚುತ್ತದೆ. ಕಂಪನಿಯಲ್ಲಿ 60ರ ನಂತರ ಮುಂದುವರಿಸದಿದ್ದರೆ, ಆ ಎರಡು ವರ್ಷ ಲೆಕ್ಕ ಬರೆಯುವುದೋ, ಪಾಠ ಹೇಳುವುದೋ, ಸಹಕಾರಿ ಸಂಘದಲ್ಲಿ ಕೆಲಸವೋ, ಯಾವುದಾದರೂ ಆದೀತು. ಆದರೆ ಪಿಎಫ್‌ಗೆ ಸೇರುವ ಹಣವೂ ಉಳಿತಾಯವೂ ನಿಲ್ಲುವುದರಿಂದ, ಮನೆಖರ್ಚು ಮಾತ್ರ ದಾಟಿಸುವ ಸಂಪಾದನೆಯಿಂದ ಕೊರತೆಯ ಒಂದು ಭಾಗ ಉಳಿದೇ ಉಳಿಯುತ್ತದೆ ಎಂಬುದನ್ನು ಮೊದಲೇ ತಿಳಿದಿರಬೇಕು.

ಲೆಕ್ಕ ಎಲ್ಲಿ ಅಲುಗಾಡುತ್ತದೆ

ಒಂದೊಂದೇ ಅಂಕಿಯನ್ನು ಬದಲಿಸಿ 2.68 ಕೋಟಿ ಎಷ್ಟು ಅಲುಗುತ್ತದೆಂದು ನೋಡಬೇಕು. ಹೆಂಡತಿ 90ರ ಬದಲು 85ರ ತನಕ ಎಂದು ಹಿಡಿದರೆ 36 ಲಕ್ಷ ಕಡಿಮೆಯಾಗುತ್ತದೆ. ಸಾಮಾನ್ಯ ಹಣದುಬ್ಬರ ಇಂದಿನಿಂದಲೇ ಶೇ 6ರ ಬದಲು ಶೇ 7 ಆದರೆ ಸುಮಾರು 55 ಲಕ್ಷ ಹೆಚ್ಚಾಗುತ್ತದೆ. ನಿವೃತ್ತಿಯ ನಂತರ ಭಯದಿಂದ ಎಲ್ಲವನ್ನೂ ಠೇವಣಿಯಲ್ಲಿಟ್ಟು, ತೆರಿಗೆ ಕಳೆದು ಶೇ 6 ಮಾತ್ರ ಸಿಕ್ಕಿದರೆ 46 ಲಕ್ಷ ಹೆಚ್ಚು ಬೇಕು. ಆಯುಷ್ಯದ ಐದು ವರ್ಷಗಳಿಗಿಂತ ದರದ ಒಂದು ಅಂಶ ಹೆಚ್ಚು ಭಾರವಾಗಿದೆ. ಆದರೂ ಜನ ಆಯುಷ್ಯದ ಬಗ್ಗೆ ಗಂಟೆಗಟ್ಟಲೆ ಮಾತಾಡುತ್ತಾರೆ, ದರವನ್ನು ಕೇಳಿದ ಕೂಡಲೇ ಬರೆದುಕೊಳ್ಳುತ್ತಾರೆ.

ಸೂತ್ರಕ್ಕೆ ಗೊತ್ತಿಲ್ಲದ ಇನ್ನೊಂದು ಅಪಾಯವಿದೆ. ಅದು ಪ್ರತಿ ವರ್ಷವೂ ಶೇ 7 ಬರುತ್ತದೆಂದು ತಿಳಿಯುತ್ತದೆ, ಆದರೆ ಷೇರುಪೇಟೆ ಹಾಗೆ ನಡೆಯುವುದಿಲ್ಲ. ನಿವೃತ್ತಿಯ ಮೊದಲ ಎರಡು-ಮೂರು ವರ್ಷಗಳಲ್ಲೇ ಪೇಟೆ ಬಿದ್ದು, ಬಿದ್ದ ಬೆಲೆಗೇ ಫಂಡು ಮಾರಿ ಮನೆ ನಡೆಸಬೇಕಾಗಿ ಬಂದರೆ, ಮುಂದೆ ಪೇಟೆ ಚೇತರಿಸಿದರೂ ಮಾರಿಹೋದ ಯೂನಿಟುಗಳು ಹಿಂದೆ ಬರುವುದಿಲ್ಲ. ಇದಕ್ಕೆ ಉಪಾಯ, ನಿವೃತ್ತಿಯ ದಿನವೇ ಮೂರು ವರ್ಷದ ಖರ್ಚನ್ನು ಪೇಟೆಯಿಂದ ಹೊರಗೆ ಇಡುವುದು. 60 ದಾಟಿದವರಿಗಿರುವ ಹಿರಿಯ ನಾಗರಿಕರ ಉಳಿತಾಯ ಯೋಜನೆಯ ಮಿತಿ 2023ರ ಏಪ್ರಿಲ್‌ನಿಂದ 30 ಲಕ್ಷವಾಗಿದೆ, ಬಡ್ಡಿ ಮೂರು ತಿಂಗಳಿಗೊಮ್ಮೆ ಕೈಗೆ ಬರುತ್ತದೆ. ಈ ಭಾಗದ ಹಣಕ್ಕೆ ಅದೂ ಬ್ಯಾಂಕ್ ಠೇವಣಿಯೂ ಸರಿಹೊಂದುತ್ತವೆ. ಹೆಂಡತಿಗೆ 60 ತುಂಬುವ ತನಕ ಅವರ ಹೆಸರಿನಲ್ಲಿ ಈ ಖಾತೆ ತೆರೆಯಲಾಗದು ಎಂಬುದನ್ನು ಗಮನದಲ್ಲಿಡಿ.

ವರ್ಷಕ್ಕೊಮ್ಮೆ ಮತ್ತೆ ನೋಡುವುದು

ಐವತ್ತರಲ್ಲಿ ಹಾಕಿದ ಲೆಕ್ಕ ಅರವತ್ತರ ತನಕ ಹಾಗೇ ನಿಲ್ಲುವುದಿಲ್ಲ. ಪ್ರತಿ ಏಪ್ರಿಲ್‌ನಲ್ಲಿ ಎರಡು ಅಂಕಿಗಳನ್ನು ಹೊಸದಾಗಿ ಹಾಕಿದರೆ ಸಾಕು: ಕಳೆದ ಹನ್ನೆರಡು ತಿಂಗಳ ನಿಜವಾದ ಖರ್ಚು ಮತ್ತು ನಿವೃತ್ತಿಗೆಂದು ಇಟ್ಟ ಹಣದ ಒಟ್ಟು ಮೊತ್ತ. ಕಂತು ಮತ್ತು ಓದು ಬಿಟ್ಟ ಖರ್ಚು ಎರಡು ವರ್ಷ ಸತತವಾಗಿ ಶೇ 6ಕ್ಕಿಂತ ಹೆಚ್ಚು ಏರಿದ್ದರೆ ನಿಮ್ಮ ಮನೆಯ ಹಣದುಬ್ಬರ ನೀವು ಬರೆದಿಟ್ಟದ್ದಕ್ಕಿಂತ ಹೆಚ್ಚೆಂದು ಅರ್ಥ. ಸೂತ್ರದಲ್ಲಿ ಆ ದರವನ್ನೇ ಹಾಕಿ. ಹಣದ ಕಡೆ, ನಮ್ಮ ಉದಾಹರಣೆಯವರ ದಾರಿಯಲ್ಲಿ 55 ತುಂಬುವಾಗ ಗ್ರಾಚುಟಿ ಬಿಟ್ಟು ಸುಮಾರು 1.04 ಕೋಟಿ ಸೇರಿರಬೇಕು. ಆಗ ಅದು 90 ಲಕ್ಷ ಮಾತ್ರ ಇದ್ದರೆ, ಮುಂದಿನ ವರ್ಷ ಪೇಟೆ ಏರಿ ಸರಿಹೋದೀತೆಂದು ಕಾಯುವ ಬದಲು, ಆರನೆಯ ವರ್ಷದಲ್ಲಿ ಸಾಲ ಮುಗಿದ ಕೂಡಲೇ ಆ 16,000ದ ಜೊತೆಗೆ ಇನ್ನಷ್ಟು ಸೇರಿಸಲು ಸಾಧ್ಯವೇ, ಅಥವಾ ನಿವೃತ್ತಿಯನ್ನು 63ಕ್ಕೆ ಒಯ್ಯಬೇಕೇ ಎಂಬುದನ್ನು ಗಂಡ ಹೆಂಡತಿ ಇಬ್ಬರೂ ಕುಳಿತು ಆಗಲೇ ತೀರ್ಮಾನಿಸಬೇಕು. ಇದೇ ಕೊರತೆಯನ್ನು 59ರಲ್ಲಿ ಕಂಡುಕೊಂಡರೆ ಖರ್ಚು ಕಡಿತದ ಹೊರತು ಬೇರೆ ದಾರಿ ಬಹುಶಃ ಉಳಿದಿರುವುದಿಲ್ಲ.